ಶನಿವಾರದ ಕೊಡುಬಳೆಗೊಂದು ಅರ್ಜಿ

ಕಾಗದ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಡೆಯ ಕನ್ನಡ ಸಂಘದಲ್ಲಿ ಅತಿಥಿಗಳಿಗೆ ಆಮಂತ್ರಣ, ಹಾಲ್ ಕೊಡುವವರಿಗೆ ಮನವಿ, ಊಟ ಹಾಕಿಸಿದವರಿಗೆ ಧನ್ಯವಾದ, ಎಲ್ಲವನ್ನೂ ನನ್ನ ತಲೆಗೇ ಕಟ್ಟುತ್ತಿದ್ದರು. ನಾನೂ ಉಬ್ಬಿ ಬರೆದುಕೊಡುತ್ತಿದ್ದೆ. 'ತಮ್ಮ ಘನ ಉಪಸ್ಥಿತಿಯಿಂದ' ಎಂದು ಶುರುಮಾಡಿದರೆ ಪೆನ್ನು ತಾನಾಗಿಯೇ ಓಡುತ್ತಿತ್ತು. ಅಂಥವಳಿಗೆ ಒಂದು ಕಿರಾಣಿ ಅಂಗಡಿಯವರಿಗೆ, ವಾರಕ್ಕೊಮ್ಮೆ ಮನೆಯಲ್ಲಿ ಕೊಡುಬಳೆ, ನಿಪ್ಪಟ್ಟು ಮಾಡಿ ಕೊಡುತ್ತೇನೆ, ಕಮಿಷನ್ ಹಿಡಿದುಕೊಂಡು ಮಾರಿಕೊಡಿ ಎಂದು ಬರೆಯುವುದಕ್ಕೆ ವಾರಗಟ್ಟಲೆ ಬೇಕಾಯಿತು.

ನನ್ನ ಯಜಮಾನರು ದಾದರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಆ ವಿಭಾಗವನ್ನೇ ಕಂಪನಿ ಬೇರೆ ಊರಿಗೆ ಸಾಗಿಸಿತು, ಜನರನ್ನು ಮಾತ್ರ ಇಲ್ಲೇ ಬಿಟ್ಟಿತು. ಐವತ್ತು ದಾಟಿದವರನ್ನು ಯಾರು ಕರೆದು ಕೂರಿಸುತ್ತಾರೆ? ಮೊದಲು ಅಲ್ಲಿ ಇಲ್ಲಿ ಅರ್ಜಿ ಹಾಕಿದರು. ಆಮೇಲೆ ಅದನ್ನೂ ಬಿಟ್ಟು ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತರು. ಬೆಳಗಿನ ಲೋಕಲ್ ಹಿಡಿಯುವ ಗಡಿಬಿಡಿಯಿಲ್ಲದ ಆ ಮನೆಯ ಸದ್ದೇ ಬೇರೆಯಾಗಿಬಿಟ್ಟಿತು. ಕೂಡಿಟ್ಟದ್ದು ಕರಗುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ ನಾನು 'ಸ್ವಲ್ಪ ದಿನ ರೆಸ್ಟ್ ತಗೊಳ್ತಿದಾರೆ' ಎನ್ನುತ್ತಿದ್ದೆ. ಈ ಸುಳ್ಳನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಕೆಲವರು ನಮ್ಮ ಮೇಲೆ ಅಸೂಯೆಪಟ್ಟಿರಬೇಕು.

ನನಗೆ ಬರುತ್ತಿದ್ದದ್ದು ಕೊಡುಬಳೆ. ನಮ್ಮ ಮೈಸೂರು ಕಡೆಯ ಖಾರದ ಕೊಡುಬಳೆ. ಒಣಮೆಣಸಿನಕಾಯಿ, ಕೊಬ್ಬರಿ, ಹುರಿಗಡಲೆ, ಇಂಗು ಹಾಕಿ ಅಕ್ಕಿಹಿಟ್ಟು ಕಲೆಸಿ, ಸಣ್ಣ ಉರಿಯಲ್ಲಿ ಒಳಗಿನವರೆಗೂ ಗರಿಗರಿಯಾಗುವ ಹಾಗೆ ಕರಿಯುವುದು. ಸಂಘದ ಕಾರ್ಯಕ್ರಮಗಳಿಗೆ ಡಬ್ಬಿಗಟ್ಟಲೆ ಮಾಡಿಕೊಂಡು ಹೋಗುತ್ತಿದ್ದೆ. ಬಿಟ್ಟಿ ಹಂಚುವಾಗ ಅದು ನನಗೆ ಭೂಷಣವಾಗಿತ್ತು. ಅದನ್ನೇ ಮಾರಬೇಕು ಅಂದಾಗ ನಾಚಿಕೆಯಾಯಿತು. ಎರಡಕ್ಕೂ ಹಾಕುವ ಎಣ್ಣೆ ಒಂದೇ ಅಲ್ಲವೇ ಎಂದು ನನ್ನನ್ನೇ ಬೈದುಕೊಂಡೆ, ಪ್ರಯೋಜನವಾಗಲಿಲ್ಲ.

ಅಂಗಡಿ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲಿದೆ. ಉಡುಪಿ ಕಡೆಯವರದು. ಕುಚ್ಚಲಕ್ಕಿ, ಬೆಲ್ಲ, ಹಪ್ಪಳ, ಬಾಳೆಕಾಯಿ ಚಿಪ್ಸು, ನಮ್ಮ ಕಡೆಯ ಸಾರಿನ ಪುಡಿ ಎಲ್ಲ ಅಲ್ಲಿ ಸಿಗುತ್ತದೆ. ಗಲ್ಲಾದ ಪಕ್ಕದಲ್ಲಿ ಒಂದು ಶೆಲ್ಫು. ಅದರಲ್ಲಿ ಮನೆಯಲ್ಲಿ ಮಾಡುವ ಹೆಂಗಸರ ಪ್ಯಾಕೆಟ್ಟುಗಳು. ಚಕ್ಕುಲಿ ಒಬ್ಬರದು, ಶೇಂಗಾ ಚಟ್ನಿ ಇನ್ನೊಬ್ಬರದು, ಶಂಕರಪೋಳಿ ಮತ್ತೊಬ್ಬರದು. ಮೇಲಿನ ಸಾಲಿನಲ್ಲಿ ಒಂದಿಷ್ಟು ಜಾಗ ಖಾಲಿ ಇತ್ತು. ನನ್ನ ಕಣ್ಣು ಯಾವಾಗಲೂ ಆ ಖಾಲಿ ಜಾಗದ ಮೇಲೆಯೇ.

ಬಾಯಿಬಿಟ್ಟು ಕೇಳೋಣವೆಂದು ಹೊರಟದ್ದುಂಟು. ಹೋದಾಗಲೆಲ್ಲ ಯಾರೋ ಒಬ್ಬರು ಗುರುತಿನವರು ಇರುತ್ತಿದ್ದರು. ಅಂಗಡಿಯವರು 'ಎಂತ ಬೇಕು ಅಕ್ಕ?' ಎಂದರೆ ನಾನು ಇಂಗು ಎನ್ನುತ್ತಿದ್ದೆ. ಹೀಗೆ ಮನೆಯಲ್ಲಿ ಇಂಗಿನ ಡಬ್ಬಿಗಳು ಸಾಲುಗಟ್ಟಿದವು. ದುಡ್ಡು ಉಳಿಸಲು ಹೊರಟವಳು ಇಂಗು ಕೊಂಡು ಕೂತಿದ್ದೆ. ಕೊನೆಗೆ, ಎದುರಿಗೆ ನಿಂತು ಹೇಳಲಾಗದ್ದನ್ನು ಬರೆದು ಕೊಡೋಣ ಎಂದು ತೀರ್ಮಾನಿಸಿದೆ. ಫೋನಿನಲ್ಲಿ ಮೆಸೇಜು ಕಳಿಸಬಹುದಿತ್ತು. ಆದರೆ ಅದು ತೀರಾ ಕೈಚಾಚಿದ ಹಾಗೆ ಕಾಣುತ್ತದೆಂದು, ಗೆರೆ ಇಲ್ಲದ ಬಿಳಿ ಹಾಳೆ ತೆಗೆದೆ. ಅಂಗಡಿಯವರು ಚಿಕ್ಕಂದಿನಲ್ಲೇ ಈ ಊರಿಗೆ ಬಂದು ಇಲ್ಲಿಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು, ಗಲ್ಲಾದ ಮೇಲೆ ಕನ್ನಡ ಪೇಪರು ಇಟ್ಟುಕೊಂಡಿರುತ್ತಿದ್ದರು. ಹಾಗಾಗಿ ಕನ್ನಡದಲ್ಲೇ ಬರೆದೆ.

ಮೊದಲಿನ ಭಾಗ ಸಲೀಸಾಗಿ ಬಂತು. ಪ್ರತಿ ಶನಿವಾರ ಬೆಳಿಗ್ಗೆ ಕೊಡುಬಳೆ, ನಿಪ್ಪಟ್ಟುಗಳನ್ನು ಪ್ಯಾಕೆಟ್ ಮಾಡಿ ತಲುಪಿಸುತ್ತೇನೆ. ಮಾರಾಟವಾದದ್ದರಲ್ಲಿ ತಮ್ಮ ರೂಢಿಯಂತೆ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮುಂದಿನ ಶನಿವಾರ ಕೊಡಬಹುದು. ಮಾರದೆ ಉಳಿದ ಪ್ಯಾಕೆಟ್ಟುಗಳನ್ನು ನಾನೇ ವಾಪಸ್ ಒಯ್ಯುತ್ತೇನೆ. ಇಷ್ಟು ಬರೆದು ಓದಿದೆ. ಇದನ್ನು ಓದಿದವರಿಗೆ ನಮ್ಮ ಮನೆಯ ಸ್ಥಿತಿ ಗೊತ್ತಾಗದೆ ಇರುತ್ತದೆಯೇ? ಆಗ ಪೆನ್ನು ತನ್ನ ಹಳೆಯ ಚಾಳಿ ತೋರಿಸಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ದೇವರ ದಯೆಯಿಂದ ನಮಗೆ ಯಾವ ಕೊರತೆಯೂ ಇಲ್ಲ. ಕೇವಲ ಹೊತ್ತು ಕಳೆಯುವ ಸಲುವಾಗಿ ಈ ಹವ್ಯಾಸ.'

ಆ ಸಾಲು ಬರೆದ ಮೇಲೆ ಹಾಯೆನಿಸಿತು. ಇಡೀ ಕಾಗದದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಕೊಡುಬಳೆಯ ಒಂದು ಪ್ಯಾಕೆಟ್ಟಿನ ಜೊತೆ ಕಾಗದವನ್ನೂ ಗಲ್ಲಾದ ಮೇಲಿಟ್ಟು, ಅಂಗಡಿಯವರು ಒಳಗಿನಿಂದ ಬರುವ ಮೊದಲೇ ಮೆಟ್ಟಿಲಿಳಿದುಬಿಟ್ಟೆ. ಈ ವಯಸ್ಸಿನಲ್ಲಿ ಓಡಿದ ಹಾಗೆ ನಡೆದೆ.

ಎರಡು ದಿನ ಬಿಟ್ಟು ಅವರ ಫೋನು ಬಂತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಬನ್ನಿ ಎಂದರು. ಆ ಮಾತಿನಲ್ಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಹೋದೆ. ಅಕ್ಕಿ ಮೂಟೆಗಳ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿದರು.

"ಕೊಡುಬಳೆ ಫಸ್ಟ್‌ಕ್ಲಾಸ್ ಉಂಟು ಅಕ್ಕ. ನಮ್ಮ ಮನೆಯಲ್ಲಿ ಒಂದೇ ಸಂಜೆಗೆ ಪ್ಯಾಕೆಟ್ ಖಾಲಿ," ಎಂದರು. ನಾನು ಹಿಗ್ಗುವಷ್ಟರಲ್ಲಿ, "ಆದರೆ ಬೇಡ ಅಕ್ಕ. ಬೇಜಾರು ಮಾಡ್ಬೇಡಿ," ಎಂದರು.

"ಜಾಗ ಇಲ್ವಾ?" ಎಂದೆ. ಖಾಲಿ ಜಾಗ ಎದುರಿಗೇ ಕಾಣುತ್ತಿತ್ತು.

"ಜಾಗ ಉಂಟು. ನೀವೇ ಬರ್ದಿದ್ದೀರಲ್ಲ, ಟೈಂಪಾಸಿಗೆ ಅಂತ."

ನಾನು ಅಷ್ಟು ಅಂದವಾಗಿ 'ಹೊತ್ತು ಕಳೆಯುವ ಸಲುವಾಗಿ' ಎಂದು ಬರೆದದ್ದು ಅವರ ಬಾಯಲ್ಲಿ ಟೈಂಪಾಸ್ ಆಗಿತ್ತು. ಈ ಊರಿನಲ್ಲಿ ಲೋಕಲ್ ಟ್ರೇನಿನಲ್ಲಿ ಮಾರುವ ಕಡಲೆಕಾಯಿಯೂ ಟೈಂಪಾಸು, ಕೆಲಸವಿಲ್ಲದವರ ಹರಟೆಯೂ ಟೈಂಪಾಸು. ಅರ್ಥ ಮಾತ್ರ ತಪ್ಪಿರಲಿಲ್ಲ.

"ನೋಡಿ ಅಕ್ಕ," ಎಂದು ಅವರು ಶೆಲ್ಫಿನ ಕಡೆ ಕೈ ತೋರಿಸಿದರು. "ಇಲ್ಲಿ ಮಾಲು ನಿಮ್ಮದು, ಜಾಗ ನನ್ನದು. ಹೋದದ್ರಲ್ಲಿ ನೂರಕ್ಕೆ ಇಪ್ಪತ್ತು ನಾನು ಇಟ್ಕೊಳ್ತೇನೆ. ಉಳಿದದ್ದು ವಾಪಸ್. ಹಾಗಾಗಿ ಮಾಲು ಹೋಗದಿದ್ರೆ ನಂಗೇನೂ ಲಾಸಿಲ್ಲ. ಲಾಸು ಎಲ್ಲಿ ಗೊತ್ತುಂಟಾ? ನಿಮ್ಮ ಕೊಡುಬಳೆ ಒಂದು ಸಲ ತಿಂದವ ಮುಂದಿನ ಶನಿವಾರ ಅದಕ್ಕೇ ಅಂತ ಬರ್ತಾನೆ. ಇಲ್ಲ ಅಂದ್ರೆ ಅಕ್ಕಿ, ಬೆಲ್ಲವೂ ಬೇರೆ ಕಡೆ ತಗೊಂಡು ಹೋಗ್ತಾನೆ. ಟೈಂಪಾಸಿಗೆ ಮಾಡುವವರು ಮನೆಗೆ ನೆಂಟರು ಬಂದ್ರೆ ನಿಲ್ಲಿಸ್ತಾರೆ, ಸೊಂಟ ನೋವು ಅಂದ್ರೆ ನಿಲ್ಲಿಸ್ತಾರೆ. ಒಬ್ಬರು ದೊಡ್ಡ ಮನೆಯವರು ಲಾಡು ಮಾಡಿ ಕೊಡ್ತಿದ್ರು. ಒಂದಿನ ಬೋರಾಯ್ತು ಅಂದ್ರು, ಮುಗೀತು. ಗಿರಾಕಿಗಳು ಇವತ್ತಿಗೂ ನನ್ನನ್ನು ಕೇಳ್ತಾರೆ."

ಚಕ್ಕುಲಿಯ ಪ್ಯಾಕೆಟ್ಟೊಂದನ್ನು ಸರಿಯಾಗಿ ನಿಲ್ಲಿಸುತ್ತಾ ಹೇಳಿದರು: "ಬೇಕಾದವರು ನಿಲ್ಲಿಸುದಿಲ್ಲ ಅಕ್ಕ. ಆ ಚಕ್ಕುಲಿಯವರಿಗೆ ಇದ್ರಲ್ಲೇ ಮನೆ ನಡೀಬೇಕು. ಜ್ವರ ಬಂದ್ರೂ ಮಾಲು ಬರ್ತದೆ. ನಿಮ್ಗೆ ದೇವರು ಎಲ್ಲ ಕೊಟ್ಟಿದ್ದಾನೆ. ಆ ಜಾಗ ಬೇಕಾದವರಿಗೆ ಇರ್ಲಿ. ಅಲ್ವಾ?"

ಹೇಳಬೇಕಾಗಿದ್ದದ್ದು ಒಂದೇ ಮಾತು. ನನಗೂ ಬೇಕು ಎಂದು. ಅಂಗಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಆ ಮನುಷ್ಯ ನನ್ನ ಮರ್ಯಾದೆಗಾಗಿ ಮಧ್ಯಾಹ್ನದ ಹೊತ್ತು ಆರಿಸಿ ಕರೆದಿದ್ದರು. ನಾನು ಏನು ಹೇಳಿದೆ? "ಹೌದು ಹೌದು, ನೀವು ಹೇಳೋದು ಸರಿ. ಪಾಪ, ಅಂಥವರಿಗೇ ಕೊಡಿ" ಎಂದೆ. ಪಾಪ ಎಂಬ ಆ ಮಾತನ್ನು ಎಷ್ಟು ಉದಾರವಾಗಿ ಹೇಳಿದೆನೆಂದರೆ ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ಸ್ಟೂಲಿನಿಂದ ಎದ್ದು, ಸುಮ್ಮನೆ ಬರುವುದು ಹೇಗೆಂದು ಅರ್ಧ ಕಿಲೋ ಬೆಲ್ಲ ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ಯಜಮಾನರು ಬಾಗಿಲು ತೆರೆದವರೇ "ಏನಂದ್ರು?" ಎಂದರು. ಅಂಗಡಿಗೆ ಬರೆದಿದ್ದೇನೆಂದು ಅವರಿಗೆ ಹೇಳಿದ್ದೆ; ಏನು ಬರೆದೆನೆಂದು ಹೇಳಿರಲಿಲ್ಲ.

"ಜಾಗ ಇಲ್ವಂತೆ" ಎಂದೆ.

"ಮೊನ್ನೆ ನಾನು ಆ ಅಂಗಡಿ ಮುಂದೆ ಹಾದು ಹೋಗ್ವಾಗ ನೋಡ್ದೆ. ಮೇಲಿನ ಸಾಲು ಖಾಲಿ ಇತ್ತಲ್ಲೇ." ಅವರೂ ಆ ಜಾಗವನ್ನು ನೋಡಿಟ್ಟುಕೊಂಡಿದ್ದರು ಎನ್ನುವುದು ಆಗಲೇ ನನಗೆ ಗೊತ್ತಾದದ್ದು. ನಡೆದದ್ದೆಲ್ಲ ಹೇಳಿದೆ, ಆ ಸಾಲನ್ನೂ ಹೇಳಿದೆ.

ಅವರು ನನ್ನ ಕೈಯಿಂದ ಬೆಲ್ಲದ ಪೊಟ್ಟಣ ತೆಗೆದುಕೊಂಡು ಒಳಗಿಟ್ಟು ಬಂದರು. ಆಮೇಲೆ ಕೇಳಿದರು: "ನಂಗೋಸ್ಕರ ಬರೆದ್ಯಾ ಅದನ್ನ? ಗಂಡನಿಗೆ ಕೆಲ್ಸ ಇಲ್ಲ ಅಂತ ಗೊತ್ತಾಗ್ಬಾರ್ದು ಅಂತ?"

"ಮತ್ತಿನ್ಯಾರಿಗೆ?" ಎಂದೆ. ಸಿಟ್ಟಿನಿಂದಲೇ ಎಂದೆ. ನಾನು ಇಷ್ಟೆಲ್ಲ ಅವಮಾನ ನುಂಗುತ್ತಿರುವುದು ಇವರ ಮರ್ಯಾದೆಗಾಗಿ, ಇವರು ನೋಡಿದರೆ ನನ್ನನ್ನೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ನನಗೆ ನಿಜವಾಗಿಯೂ ಅನಿಸಿತ್ತು.

"ನನ್ನ ಮರ್ಯಾದೆ ನಂಗೆ ಬಿಡು," ಎಂದರು. ಗಟ್ಟಿಯಾಗಿ ಹೇಳಲಿಲ್ಲ. "ಕೆಲ್ಸ ಹೋಗಿರೋದು ನಿಜ. ನೀನು ಹೋಗಿ ಬೇಕು ಅಂತ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

ಇವರು ಹೋಗಿ ನಿಂತು ನಮ್ಮ ಕಷ್ಟ ಹೇಳುವುದನ್ನು ಊಹಿಸಿಕೊಳ್ಳಲಾಗಲಿಲ್ಲ. ಮಾರನೆಯ ಸಂಜೆ ನಾನೇ ಹೋದೆ. ಮಧ್ಯಾಹ್ನವೇ ಹೋಗಬಹುದಿತ್ತು. ಹೋಗುತ್ತೇನೆ, ಹೋಗುತ್ತೇನೆ ಎಂದು ಮುಂದೂಡುತ್ತಾ ಸಂಜೆ ಮಾಡಿಕೊಂಡೆ. ಅಂಗಡಿ ತುಂಬಿತ್ತು. ಗಲ್ಲಾದ ಮುಂದೆ ನಮ್ಮ ಸಂಘದ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಬೆಂಗಳೂರಿನ ಕಡೆಯವರು, ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದು ಬೆಳ್ಳಿ ತಟ್ಟೆಯಲ್ಲಿ ತಾಂಬೂಲ ಕೊಡುವವರು. ನನ್ನ ಕೊಡುಬಳೆಯನ್ನು ವೇದಿಕೆಯ ಮೇಲೆ ಹೊಗಳಿದವರು ಅವರೇ. ಅವರು ಹೋಗಲೆಂದು ನಾನು ಹಪ್ಪಳ ನೋಡುತ್ತಾ ನಿಂತೆ. ಅವರು ಸಾರಿನ ಪುಡಿಗಳ ಹಿಂದಿರುವುದನ್ನೆಲ್ಲ ಓದುತ್ತಾ ನಿಂತರು.

"ಎಂತ ಅಕ್ಕ, ಏನು ಬೇಕಿತ್ತು?" ಎಂದು ಅಂಗಡಿಯವರು ಕರೆದರು.

ಇಂಗು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. "ಆ ಕಾಗದದ ವಿಷಯ" ಎಂದೆ.

"ಯಾವ ಕಾಗದ?" ಎಂದರು ಸಂಘದವರು, ತಿರುಗಿ.

ನಾನು ಅಂಗಡಿಯವರನ್ನೇ ನೋಡುತ್ತಾ, "ಕೊಡುಬಳೆ ಮಾಡಿ ಇಲ್ಲಿ ಕೊಡೋಣ ಅಂತಿದ್ದೆ" ಎಂದೆ.

ಸಂಘದವರ ಮುಖದಲ್ಲಿ ಒಂದು ಗಳಿಗೆ ಏನೋ ಸುಳಿದು ಹೋಯಿತು. ತಕ್ಷಣ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು, ನನ್ನನ್ನು ಕಾಪಾಡಲೆಂದೇ ಹೇಳಿದರು: "ಅಯ್ಯೋ, ನಿಮಗೇನ್ರೀ ಕಮ್ಮಿ ಆಗಿರೋದು! ಟೈಂಪಾಸ್‌ಗೆ ಮಾಡ್ತಿದೀರಾ ಅಷ್ಟೆ, ಅಲ್ವೇನ್ರೀ?"

ಹೂಂ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಸಂಘದಲ್ಲಿ ನನ್ನ ಕುರ್ಚಿ ಇದ್ದಲ್ಲೇ ಇರುತ್ತಿತ್ತು. ಅಂಗಡಿಯವರು ತೂಕ ಮಾಡುತ್ತಿದ್ದ ಅಕ್ಕಿಯನ್ನು ಹಾಗೇ ಬಿಟ್ಟು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಅಲ್ಲ," ಎಂದೆ. ದನಿ ಸರಿಯಾಗಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಟೈಂಪಾಸ್‌ಗೆ ಅಲ್ಲ. ನಮ್ಮ ಯಜಮಾನ್ರ ಕೆಲ್ಸ ಹೋಗಿದೆ. ನಮಗೆ ಬೇಕು."

ಹಿಂದೆ ನಿಂತಿದ್ದ ಒಬ್ಬಾತ ಹಿಂದಿಯಲ್ಲಿ, ನನ್ನ ಬಿಲ್ಲು ಬೇಗ ಮಾಡಿ ಎಂದ. ಜಗತ್ತು ಅಷ್ಟರಲ್ಲೇ ಮುಂದೆ ಹೋಗಿತ್ತು. ಸಂಘದವರು ಮಾತ್ರ ಸಾರಿನ ಪುಡಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೌದಾ... ಹೇಳ್ಲೇ ಇಲ್ವಲ್ರೀ" ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ, ಕಿವಿಗಳು ಉರಿಯುತ್ತಿದ್ದವು.

ಅಂಗಡಿಯವರು ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಅಕ್ಕಿ ತೂಗುತ್ತಾ ಕೇಳಿದರು: "ನಂಬರ್ ಮಾಡಿಸಿದ್ದೀರಾ?"

"ಯಾವ ನಂಬರು?"

"ಆಹಾರ ಇಲಾಖೆದು. ಮನೆಯಲ್ಲಿ ಮಾಡಿ ಮಾರುದಾದ್ರೂ ನೋಂದಣಿ ಬೇಕು. ಆನ್‌ಲೈನಲ್ಲೇ ಆಗ್ತದೆ, ಕಷ್ಟ ಇಲ್ಲ. ಪ್ಯಾಕೆಟ್ ಮೇಲೆ ಆ ನಂಬರು, ಏನೆಲ್ಲ ಹಾಕಿದ್ದೀರಿ, ತೂಕ, ಬೆಲೆ, ಪ್ಯಾಕ್ ಮಾಡಿದ ತಾರೀಕು, ಎಷ್ಟು ದಿನ ಇರ್ತದೆ, ಹಸಿರು ಚುಕ್ಕೆ. ಮತ್ತೆ ಮಾಡಿದವರ ಹೆಸರು, ಅಡ್ರೆಸ್ಸು. ಹೆಸರಿಲ್ಲದ ಮಾಲು ನಾನು ಇಡುದಿಲ್ಲ. ಅದು ಆದ ಮೇಲೆ ಬನ್ನಿ, ಮೇಲಿನ ಸಾಲು ನಿಮ್ಗೆ."

ಹೆಸರು, ಅಡ್ರೆಸ್ಸು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ ಎಂದುಕೊಂಡು ಮನೆಗೆ ಬಂದೆ.

ನೋಂದಣಿಯ ಕೆಲಸವನ್ನೆಲ್ಲ ಯಜಮಾನರೇ ಮಾಡಿದರು. ಬಹಳ ದಿನಗಳ ಮೇಲೆ ಕಿಟಕಿಯ ಪಕ್ಕದಿಂದ ಎದ್ದು ಕಂಪ್ಯೂಟರಿನ ಮುಂದೆ ಕೂತು, ಫೋಟೋ, ಗುರುತಿನ ಚೀಟಿ ಎಲ್ಲ ಹೊಂದಿಸಿ ತುಂಬಿದರು. ನಂಬರು ಬಂದ ಮೇಲೆ ಲೇಬಲ್ಲು ಮಾಡಲು ಕೂತರು. ಹೆಸರಿನ ಜಾಗಕ್ಕೆ ಬಂದಾಗ ನಾನು, "ಬರೀ ಇನಿಷಿಯಲ್ ಹಾಕಿದ್ರೆ ಆಗಲ್ವಾ? ಅಕ್ಷರ ಆದಷ್ಟು ಚಿಕ್ಕದು ಮಾಡಿ" ಎಂದೆ. ಅವರು ನನ್ನ ಪೂರ್ತಿ ಹೆಸರು ಹಾಕಿ, ದಪ್ಪಕ್ಷರ ಮಾಡಿದರು. ನಾನು ಬೈದೆ. ಅವರು ಕೇಳಿಸದವರ ಹಾಗೆ ಪ್ರಿಂಟು ತೆಗೆಯಲು ಹೋದರು.

ಮೊದಲ ಶನಿವಾರ. ಹಿಂದಿನ ದಿನವಿಡೀ ಕರಿದು, ಆರಿಸಿ, ತೂಗಿ, ಇಬ್ಬರೂ ಕೂತು ಪ್ಯಾಕೆಟ್ ಮಾಡಿದ್ದೆವು. ಬೆಳಿಗ್ಗೆ ಇಬ್ಬರೂ ಒಂದೊಂದು ಚೀಲ ಹಿಡಿದು ಹೊರಟೆವು. ಅಂಗಡಿ ಹತ್ತಿರವಾದ ಹಾಗೆ ನನ್ನ ಹೆಜ್ಜೆ ನಿಧಾನವಾಯಿತು. ಬಾಗಿಲಲ್ಲಿ ನಮ್ಮ ಬಿಲ್ಡಿಂಗಿನ ಕೆಲವರು ಹಾಲು, ಬ್ರೆಡ್ಡು ಕೊಳ್ಳುತ್ತಾ ನಿಂತಿದ್ದರು. ಅಷ್ಟು ಮಂದಿಯ ನಡುವೆ ನಿನ್ನೆ ಮೊನ್ನೆಯವರೆಗೆ ಗಿರಾಕಿಯಾಗಿದ್ದವಳು ಚೀಲ ಬಿಚ್ಚಿ ಎಣಿಸಿಕೊಡಬೇಕು.

"ನೀವು ನಡೀರಿ. ನಾನು ಕೊತ್ತಂಬರಿ ಸೊಪ್ಪು ತಗೊಂಡು ಬರ್ತೀನಿ" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನನ್ನ ಕೈಯ ಚೀಲವನ್ನೂ ತೆಗೆದುಕೊಂಡು ಒಳಗೆ ಹೋದರು. ಅಂಗಡಿಯ ಎದುರಿನ ಸೊಪ್ಪಿನ ಗಾಡಿಯ ಹಿಂದೆ ನಾನು ನಿಂತೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು.

ಅಂಗಡಿಯವರಿಗೆ ಇವರ ಪರಿಚಯ ಅಷ್ಟಾಗಿ ಇರಲಿಲ್ಲ. ಸಾಮಾನಿಗೆ ಯಾವಾಗಲೂ ಹೋಗುತ್ತಿದ್ದದ್ದು ನಾನೇ. "ನೀವು ಯಾರು ಸರ್?" ಎಂದರು.

ಇಷ್ಟು ವರ್ಷ ಯಾರು ಹಾಗೆ ಕೇಳಿದರೂ ಕಂಪನಿಯ ಹೆಸರು, ತಮ್ಮ ಹುದ್ದೆ ಹೇಳುತ್ತಿದ್ದವರು ಅವರು. ಆ ಬೆಳಿಗ್ಗೆ ಎರಡು ಚೀಲವನ್ನೂ ಗಲ್ಲಾದ ಮೇಲಿಟ್ಟು, ಬ್ರೆಡ್ಡಿಗೆ ನಿಂತವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು: "ಕೊಡುಬಳೆ ಮಾಡ್ತಾರಲ್ಲ, ಅವ್ರ ಮನೆಯವ್ರು."

ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಎಣಿಸಿ ಕೊಡುತ್ತಿದ್ದರು, ಬಿಲ್ಡಿಂಗಿನವರೊಬ್ಬರು ಏನೋ ಕೇಳಿದ್ದಕ್ಕೆ ಪ್ಯಾಕೆಟ್ ತಿರುಗಿಸಿ ನನ್ನ ಹೆಸರನ್ನು ತೋರಿಸುತ್ತಿದ್ದರು. ಆ ಕಾಗದದ ಸಾಲನ್ನು ನಾನು ಇವರಿಗಾಗಿ ಬರೆದದ್ದಲ್ಲ ಎಂದು ಆಗ ಗೊತ್ತಾಯಿತು. ಇವರ ಮರ್ಯಾದೆಯ ನೆಪ ಹೇಳಿ ನಾನು ಮುಚ್ಚಿಕೊಳ್ಳುತ್ತಿದ್ದದ್ದು ನನ್ನನ್ನು. ಅದು ಗೊತ್ತಾದ ಮೇಲಾದರೂ ರಸ್ತೆ ದಾಟಿ ಅವರ ಪಕ್ಕದಲ್ಲಿ ಹೋಗಿ ನಿಲ್ಲಬೇಕಾಗಿತ್ತು.

ಸೊಪ್ಪಿನವನು ಎಷ್ಟು ಕಟ್ಟು ಕೊಡಲಿ ಎಂದು ಎರಡನೆಯ ಸಲ ಕೇಳಿದ. ನಾನು ತಲೆ ಎತ್ತದೆ, ಯಾವುದು ಎಳೆಯದು ಎಂದು ಒಂದೊಂದೇ ಕಟ್ಟನ್ನು ತಿರುಗಿಸಿ ನೋಡುತ್ತಲೇ ಇದ್ದೆ.